ಮೂವತ್ತು ಸೆಕೆಂಡಿನ ಜರ್ಮನ್ ಪರಿಚಯ

ಹಾಸನದ ಕಡೆಯ ಮಂಜುನಾಥ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಜರ್ಮನಿಯ ಒಂದು ಯಂತ್ರ ಕಾರ್ಖಾನೆಗೆ ಸೇರಿದ್ದಾನೆ ಎಂದಿಟ್ಟುಕೊಳ್ಳಿ. ಮೊದಲ ದಿನ ಬೆಳಗಿನ ಸಭೆಯಲ್ಲಿ ಎಲ್ಲರೂ ಅವನತ್ತ ತಿರುಗುತ್ತಾರೆ. ಅವನು ನಿಧಾನವಾಗಿ ಆಡಬೇಕಾದ ಮಾತು ಇಷ್ಟು:

"ಗೂಟೆನ್ ಮೋರ್ಗೆನ್. ಮೈನ್ ನಾಮೆ ಇಸ್ಟ್ ಮಂಜುನಾಥ್ ಶಿವಣ್ಣ. ಮಂಜುನಾಥ್ ಇಸ್ಟ್ ಮೈನ್ ಫೋರ್‌ನಾಮೆ. ಇಶ್ ಕೊಮ್ಮೆ ಔಸ್ ಇಂಡಿಯೆನ್. ಇಶ್ ಹಾಬೆ ಮಶೀನೆನ್‌ಬೌ ಷ್ಟುಡೀರ್ಟ್. ಇಶ್ ಹಾಬೆ ಫೀರ್ ಯಾರೆ ಇನ್ ಬೆಂಗಳೂರು ಆಲ್ಸ್ ಕೊನ್‌ಸ್ಟ್ರುಕ್ಟ್ಯೋರ್ ಗೆಆರ್‌ಬೈಟೆಟ್. ಮೈನ್ ಡಾಯ್ಚ್ ಇಸ್ಟ್ ನೊಖ್ ನಿಶ್ಟ್ ಪೆರ್ಫೆಕ್ಟ್. ಬಿಟ್ಟೆ ಷ್ಪ್ರೆಶೆನ್ ಜೀ ಲಾಂಗ್‌ಸಾಮ್. ಇಶ್ ಫ್ರೊಯೆ ಮಿಶ್ ಔಫ್ ಡೀ ತ್ಸುಜಾಮೆನ್‌ಆರ್‌ಬೈಟ್."

'ನಾನು ಭಾರತದವನು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದೇನೆ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಯಂತ್ರವಿನ್ಯಾಸಕನಾಗಿದ್ದೆ. ನನ್ನ ಜರ್ಮನ್ ಇನ್ನೂ ಪಕ್ವವಾಗಿಲ್ಲ, ದಯವಿಟ್ಟು ನಿಧಾನವಾಗಿ ಮಾತಾಡಿ. ನಿಮ್ಮೊಡನೆ ಕೆಲಸ ಮಾಡುವುದನ್ನು ಎದುರುನೋಡುತ್ತಿದ್ದೇನೆ' ಎಂಬುದು ಇದರ ಅರ್ಥ. 'ಇಶ್' ಎಂದರೆ 'ನಾನು'. ಅದರ ಕೊನೆಯ ಧ್ವನಿ ಶಕಾರವೂ ಅಲ್ಲ, ಹಕಾರವೂ ಅಲ್ಲ, ಎರಡರ ನಡುವಿನ ಪಿಸುಗುಟ್ಟುವ ಉಸಿರು. ಅದನ್ನು ಕೇಳಿಯೇ ಕಲಿಯಬೇಕು.

ಹೆಸರಿನ ಎರಡನೇ ವಾಕ್ಯ ಏಕೆ ಬೇಕು? ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ತಂದೆಯ ಹೆಸರಿರುತ್ತದೆ. ಜರ್ಮನರು ಗೌರವದಿಂದ ಕರೆಯುವುದು ಮನೆತನದ ಹೆಸರಿನಿಂದಲೇ. ಹಾಗಾಗಿ 'ಹೆರ್ ಶಿವಣ್ಣ' ಎಂದಾಗ ಕರೆದದ್ದು ಅಪ್ಪನನ್ನಲ್ಲ, ತನ್ನನ್ನೇ ಎಂದು ಮಂಜುನಾಥ ಮೊದಲೇ ತಿಳಿದಿರಬೇಕು. 'ಫೋರ್‌ನಾಮೆ' ಎಂದರೆ ಸ್ವಂತ ಹೆಸರು. ಹೆಸರಿನಿಂದಲೇ ಕರೆಯುವ ರೂಢಿಯಿರುವ ಕಚೇರಿಯಲ್ಲಿ ಯಾವುದನ್ನು ಬಳಸಬೇಕೆಂದು ಈ ವಾಕ್ಯ ತಿಳಿಸುತ್ತದೆ.

ಇನ್ನು ಉದ್ಯೋಗದ ಮಾತು. ಬೆಂಗಳೂರಿನಲ್ಲಿ 'ಡಿಸೈನ್ ಎಂಜಿನಿಯರ್' ಆಗಿದ್ದವನು ಅಲ್ಲಿ 'ಡಿಸೈನರ್' ಎಂದರೆ, ವಸ್ತುವಿನ ಹೊರರೂಪ ತಿದ್ದುವವನು ಎಂದು ಭಾವಿಸುತ್ತಾರೆ. ಬಿಡಿಭಾಗಗಳ ಅಳತೆ, ನಕ್ಷೆ ಮಾಡುವವನು 'ಕೊನ್‌ಸ್ಟ್ರುಕ್ಟ್ಯೋರ್'. ಹೆಣ್ಣಾದರೆ 'ಕೊನ್‌ಸ್ಟ್ರುಕ್ಟ್ಯೋರಿನ್'. 'ಇನ್‌ಝೆನ್ಯೋರ್', ಅಂದರೆ ಎಂಜಿನಿಯರ್, ಎಂಬ ಬಿರುದಿಗೆ ಜರ್ಮನಿಯ ರಾಜ್ಯಗಳಲ್ಲಿ ಕಾನೂನಿನ ರಕ್ಷಣೆಯಿದೆ. ಆದ್ದರಿಂದ ಓದಿದ್ದನ್ನೂ ಮಾಡಿದ ಕೆಲಸವನ್ನೂ ಹೇಳುವುದು ನಿಖರ.

ಕ್ರಿಯಾಪದದಲ್ಲೂ ಒಂದು ತೊಡಕಿದೆ. 'ಇಶ್ ಆರ್‌ಬೈಟೆ ಜೈಟ್ ಫೀರ್ ಯಾರೆನ್ ಇನ್ ಬೆಂಗಳೂರು' ಎಂದರೆ ಅವನು ಈಗಲೂ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ ಎಂದಾಗುತ್ತದೆ. 'ಜೈಟ್' ಎಂಬುದು ಇನ್ನೂ ಮುಗಿಯದ ಕೆಲಸಕ್ಕೆ ಬರುವ ಪದ. ಮುಗಿದ ಕೆಲಸಕ್ಕೆ 'ಹಾಬೆ' ಎರಡನೇ ಸ್ಥಾನದಲ್ಲಿ, 'ಗೆಆರ್‌ಬೈಟೆಟ್' ಕೊನೆಯಲ್ಲಿ ಬರಬೇಕು. ಕ್ರಿಯಾಪದವನ್ನು ಕೊನೆಗಿಡುವ ಕನ್ನಡದ ಅಭ್ಯಾಸ ಇಲ್ಲಿ ನೆರವಾಗುತ್ತದೆ.

ಹೊರಡುವ ಮುನ್ನ ನಿಮ್ಮ ಪರಿಚಯವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. 30 ಸೆಕೆಂಡ್ ಮೀರಿದರೆ ಒಂದು ವಾಕ್ಯ ಕೈಬಿಡಿ, ವೇಗ ಹೆಚ್ಚಿಸಬೇಡಿ. ನಿಮ್ಮ ಹೆಸರನ್ನು ಅವರು ಕೇಳುತ್ತಿರುವುದು ಅದೇ ಮೊದಲ ಸಲ. ಅದನ್ನು ಬಿಡಿಸಿ ಬಿಡಿಸಿ ಹೇಳಿ.