ಮಾರ್ಚ್‌ನ ಮೂರು ಗುರುವಾರಗಳು

ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂ.ಡಿ., ಸಿ.ಎಫ್.ಒ. ಮತ್ತು ಉತ್ಪಾದನಾ ಮುಖ್ಯಸ್ಥರು, ಈ ಮೂವರ ಕ್ಯಾಲೆಂಡರ್ ನೋಡಿಕೊಳ್ಳಲು ಒಬ್ಬರೇ ಇ.ಎ. ಇದ್ದಾರೆ ಎಂದುಕೊಳ್ಳಿ. ಪ್ರತಿ ಗುರುವಾರ ಸಂಜೆ 5.30ಕ್ಕೆ ಎಂ.ಡಿ. ಮತ್ತು ಉತ್ಪಾದನಾ ಮುಖ್ಯಸ್ಥರು ಪೀಣ್ಯದ ಕಾರ್ಖಾನೆಯಲ್ಲಿ ಒಂದು ಗಂಟೆ ಪರಿಶೀಲನೆ ನಡೆಸುತ್ತಾರೆ. 6ಕ್ಕೆ ಸಿ.ಎಫ್.ಒ. ಲಂಡನ್ನಿನ ಬ್ಯಾಂಕಿನವರ ಜೊತೆ ಮಾತಾಡುತ್ತಾರೆ. 7ಕ್ಕೆ ನ್ಯೂಯಾರ್ಕಿನ ಗ್ರಾಹಕರ ಕರೆ, ಅದಕ್ಕೆ ಮೂವರೂ ಬೇಕು. ಚಳಿಗಾಲವಿಡೀ ಯಾವ ತಕರಾರೂ ಇಲ್ಲದೆ ಸಾಗುತ್ತದೆ.

2026ರ ಮಾರ್ಚ್ 8ರಂದು ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಗ್ರಾಹಕರು ತಮ್ಮ ಬೆಳಗಿನ 8.30ಕ್ಕೇ ಸಭೆ ಇಟ್ಟಿರುವುದರಿಂದ ನಮ್ಮಲ್ಲಿ ಅದು 7ರ ಬದಲು 6ಕ್ಕೆ ಬಂದು ಕೂರುತ್ತದೆ. ಯಾರೂ ಏನನ್ನೂ ಬದಲಿಸಿರುವುದಿಲ್ಲ, ಆದರೂ ಮೂವರಿಗೂ ಏಕಕಾಲಕ್ಕೆ ಎರಡೆರಡು ಸಭೆ. ಇನ್ವೈಟ್ ಕಳಿಸಿದವರು ಯಾವ ಊರಿನ ಸಮಯ ಹಾಕಿದ್ದರೋ, ಸಭೆ ಆ ಊರಿನ ಗಡಿಯಾರವನ್ನೇ ಹಿಂಬಾಲಿಸುತ್ತದೆ. ಹಾಗಾಗಿ ಇ.ಎ. ಫೆಬ್ರುವರಿಯಲ್ಲೇ ಮಾರ್ಚ್ 12ರ ಪುಟ ತೆರೆದು ನೋಡಿಕೊಂಡರೆ ಕ್ಷೇಮ.

ಯಾವುದನ್ನು ಸರಿಸಬೇಕು? ಹೊರಗಿನವರು ಇರುವ ಸಭೆಗೆ ಕೈಹಾಕುವ ಮೊದಲು ಒಳಗಿನದನ್ನು ಸರಿಸುವುದು ವಾಡಿಕೆ. ಕಾರ್ಖಾನೆಯ ಪರಿಶೀಲನೆಯನ್ನು 4ಕ್ಕೆ ತರಬಹುದು. ಅಮೆರಿಕದ ಗಡಿಯಾರ ನವೆಂಬರ್ 1ರವರೆಗೂ ಹಾಗೇ ಇರುವುದರಿಂದ ಅಲ್ಲಿಯವರೆಗಿನ ಎಲ್ಲ ವಾರಗಳನ್ನೂ ಒಟ್ಟಿಗೆ ಬದಲಿಸಬೇಕು. ಇಷ್ಟಕ್ಕೇ ಮುಗಿಯಿತು ಎನ್ನುವಂತಿಲ್ಲ. ಕ್ಯಾಲೆಂಡರಿನಲ್ಲಿ ಪರಿಶೀಲನೆ 5ಕ್ಕೆ ಮುಗಿದಂತೆ ಕಂಡರೂ ಆ ಹೊತ್ತಿನಲ್ಲಿ ಪೀಣ್ಯದಿಂದ ಎಂ.ಜಿ. ರಸ್ತೆಗೆ ಬರುವುದು ಎಷ್ಟು ಹೊತ್ತಿಗೋ! ಇಬ್ಬರಿಗೂ ಕಾರ್ಖಾನೆಯ ಮೀಟಿಂಗ್ ರೂಮನ್ನೇ ಕಾದಿರಿಸಿ, ಕರೆ ಅಲ್ಲಿಂದಲೇ ಎಂದು ಬರೆದಿಡುವುದು ಜಾಣತನ.

ಲಂಡನ್ನಿನ ಕರೆಯ ಲೆಕ್ಕ ಬೇರೆ. ಬ್ರಿಟನ್ ಗಡಿಯಾರ ಬದಲಿಸುವುದು ಮಾರ್ಚ್ 29ಕ್ಕೆ. ಆಮೇಲೆ ಅವರ ಮಧ್ಯಾಹ್ನದ 12.30 ನಮಗೆ ಸಂಜೆ 5 ಆಗಿ, ಘರ್ಷಣೆ ತಾನಾಗಿಯೇ ಕರಗುತ್ತದೆ. ಅಂದರೆ ತೊಂದರೆ ಮಾರ್ಚ್ 12, 19, 26ರಂದು ಮಾತ್ರ. ಇದನ್ನು ಗಮನಿಸದೆ ಇಡೀ ಸರಣಿಯನ್ನೇ ಒಂದು ಗಂಟೆ ಹಿಂದೆ ತಂದರೆ ಏಪ್ರಿಲ್‌ನಲ್ಲಿ ಅದು 4ಕ್ಕೆ ಬಂದು ಹೊಸ ಗೋಜಲು. ಬ್ಯಾಂಕಿನವರಿಗೆ ಆ ಮೂರು ವಾರ ಮಾತ್ರ ಬೆಳಗಿನ 11.30ಕ್ಕೆ ಆಗುತ್ತದೆಯೇ ಎಂದು ಕೇಳಿದರೆ ಸಾಕು.

ಮೂವರನ್ನೂ ಕೇಳುವ ಕ್ರಮಕ್ಕೂ ಮಹತ್ವವಿದೆ. "ಸರ್, ಕ್ಲಾಶ್ ಆಗ್ತಿದೆ, ಏನ್ ಮಾಡ್ಲಿ?" ಎಂದರೆ ಮೂರು ಬೇರೆ ಬೇರೆ ಉತ್ತರ ಖಚಿತ. ಮೊದಲು ಸಿ.ಎಫ್.ಒ. ಒಪ್ಪಿಗೆಯಿಂದ ಲಂಡನ್ನಿಗೆ ಬರೆದು, ಅವರ ಉತ್ತರ ಬಂದ ಮೇಲೆ ಎಂ.ಡಿ. ಮುಂದೆ ಒಂದೇ ಪರಿಹಾರ ಇಡಬೇಕು: "ಮಾರ್ಚ್ 12ರಿಂದ ಪೀಣ್ಯ 4ಕ್ಕೆ, ಕರೆ ಅಲ್ಲಿಂದಲೇ 6ಕ್ಕೆ, ಆಗಬಹುದಾ ಸರ್?" ಅಲ್ಲಿಯವರೆಗೆ 4ರ ಜಾಗವನ್ನು ತಾತ್ಕಾಲಿಕ ಎಂದು ಹಿಡಿದಿಟ್ಟು, ಯಾವ ದಿನದವರೆಗೆ ಎಂದೂ ನಮೂದಿಸಬೇಕು. ದಿನಾಂಕವಿಲ್ಲದ ತಾತ್ಕಾಲಿಕ ಬ್ಲಾಕ್‌ಗಳನ್ನು ಆಮೇಲೆ ತೆಗೆಯುವವರೇ ಇರುವುದಿಲ್ಲ.

ಅಕ್ಟೋಬರ್ 29ರ ಗುರುವಾರಕ್ಕೂ ಈಗಲೇ ಒಂದು ಟಿಪ್ಪಣಿ ಹಾಕಬೇಕು. ಬ್ರಿಟನ್ 25ಕ್ಕೇ ಹಳೆಯ ಸಮಯಕ್ಕೆ ಮರಳುತ್ತದೆ, ಅಮೆರಿಕ ಒಂದು ವಾರ ತಡವಾಗಿ. ಆ ಒಂದು ಸಂಜೆ ಸಿ.ಎಫ್.ಒ.ಗೆ ಮತ್ತೆ 6ಕ್ಕೇ ಎರಡು ಕರೆ.