ದೂರು ಇಳಿದರೆ ಸಾಲದು, ಏಕೆ ಇಳಿಯಿತು ಎಂದು ನೋಡಿ

ಇನ್‌ಬಾಕ್ಸ್‌ನಲ್ಲಿ ಬೇಡದ ಜಾಹೀರಾತು ಕಂಡಾಗ ನಾವು ‘ಸ್ಪ್ಯಾಮ್’ ಗುಂಡಿ ಒತ್ತಿ ಮುಂದೆ ಹೋಗುತ್ತೇವೆ. ನಮ್ಮ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಆ ಒತ್ತು ಒಂದು ದೂರಾಗಿ ದಾಖಲಾಗುತ್ತದೆ. ಅದನ್ನು ಪತ್ರ ಕಳುಹಿಸಿದವರಿಗೆ ತಿಳಿಸುವ ವ್ಯವಸ್ಥೆಗೆ ‘ಫೀಡ್‌ಬ್ಯಾಕ್ ಲೂಪ್’ ಎಂದು ಹೆಸರು.

ಯಾಹೂ ಮತ್ತು ಮೈಕ್ರೋಸಾಫ್ಟ್ ಈ ಕೆಲಸವನ್ನು ದೂರಿಗೊಂದು ವರದಿಯಂತೆ ಮಾಡುತ್ತವೆ. ಮೊದಲೇ ನೋಂದಾಯಿಸಿಕೊಂಡ ಸಂಸ್ಥೆಗೆ ದೂರು ಬಂದ ಪತ್ರದ ಪ್ರತಿ ವಾಪಸು ಬರುತ್ತದೆ. ಅದರಲ್ಲಿ ತಾನೇ ಹಾಕಿದ್ದ ಗುರುತಿನಿಂದ ಸಂಸ್ಥೆಯು ದೂರಿದವರನ್ನು ಪತ್ತೆಮಾಡಿ ಪಟ್ಟಿಯಿಂದ ತೆಗೆಯಬಹುದು. ಜಿಮೇಲ್‌ನ ದಾರಿ ಬೇರೆ. ಯಾರು ದೂರಿದರೆಂದು ಅದು ಹೇಳುವುದಿಲ್ಲ. 2015ರಲ್ಲಿ ಆರಂಭವಾದ ‘ಪೋಸ್ಟ್‌ಮಾಸ್ಟರ್ ಟೂಲ್ಸ್’ ಎಂಬ ಫಲಕದಲ್ಲಿ ದಿನಕ್ಕೊಂದು ಶೇಕಡಾವಾರು ಅಂಕಿಯನ್ನಷ್ಟೇ ತೋರಿಸುತ್ತದೆ. ಡೊಮೇನ್ ತನ್ನದೇ ಎಂದು ದೃಢಪಡಿಸಿದ ಯಾರಾದರೂ ಅದನ್ನು ಉಚಿತವಾಗಿ ನೋಡಬಹುದು. ಕಳುಹಿಸುವ ಪತ್ರಗಳು ತೀರಾ ಕಡಿಮೆಯಿದ್ದರೆ ಮಾತ್ರ ಫಲಕ ಖಾಲಿ ಇರುತ್ತದೆ.

ಆ ಅಂಕಿಗೆ ಗೂಗಲ್ ಎರಡು ಗೆರೆ ಎಳೆದಿದೆ. ದೂರಿನ ಪ್ರಮಾಣ ಶೇ 0.1ಕ್ಕಿಂತ ಕಡಿಮೆ ಇರಬೇಕು, ಶೇ 0.3ನ್ನು ಎಂದೂ ಮುಟ್ಟಬಾರದು. ಎಂದರೆ, ಸಾವಿರ ಪತ್ರಕ್ಕೆ ಮೂರು ದೂರು ಬಂದರೂ ಅಪಾಯ. ಜಿಮೇಲ್ ಖಾತೆಗಳಿಗೆ ದಿನಕ್ಕೆ ಸುಮಾರು 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ 2024ರ ಫೆಬ್ರುವರಿಯಿಂದ ನಿಯಮಗಳು ಬಿಗಿಯಾಗಿವೆ. ಹಿಂದೆ ಫಲಕದಲ್ಲಿ ಡೊಮೇನಿನ ಹೆಸರು ಎಷ್ಟು ಒಳ್ಳೆಯದೆಂದು ಹೇಳುವ ನಾಲ್ಕು ದರ್ಜೆಗಳೂ ಇದ್ದವು. ಹೊಸ ಆವೃತ್ತಿಯಲ್ಲಿ ಅವು ಇಲ್ಲ. ಹಾಗಾಗಿ ಎಲ್ಲರ ಕಣ್ಣೂ ಈ ಒಂದು ಅಂಕಿಯ ಮೇಲೆ ನೆಟ್ಟಿದೆ. ಅದನ್ನು ತಪ್ಪಾಗಿ ಓದುವುದೂ ಸುಲಭ.

ಒಂದು ಆನ್‌ಲೈನ್ ಪುಸ್ತಕದಂಗಡಿ ಇದೆ ಎಂದಿಟ್ಟುಕೊಳ್ಳಿ. ಹಬ್ಬದ ರಿಯಾಯಿತಿ ಸಾರಲು ಅದು ಹಳೆಯ ಗ್ರಾಹಕರೆಲ್ಲರನ್ನೂ ಸೇರಿಸಿ 20,000 ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುತ್ತದೆ. ಎಲ್ಲವೂ ಇನ್‌ಬಾಕ್ಸ್ ಸೇರುತ್ತವೆ. 70 ಮಂದಿ ದೂರುತ್ತಾರೆ. ಫಲಕದಲ್ಲಿ ಶೇ 0.35 ಕಾಣುತ್ತದೆ. ಅಂಗಡಿಯವರು ಗಾಬರಿಯಾದರೂ ಮರುವಾರ ಅದೇ ಪಟ್ಟಿಗೆ ಮತ್ತೆ ಕಳುಹಿಸುತ್ತಾರೆ. ಈ ಸಲ ಶೇ 0.05! ಎಲ್ಲ ಸರಿಹೋಯಿತು ಎಂದು ನಿಟ್ಟುಸಿರು ಬಿಡುತ್ತಾರೆ.

ಸರಿಹೋಗಿರುವುದಿಲ್ಲ. ಜಿಮೇಲ್ ಲೆಕ್ಕ ಹಾಕುವುದು ಇನ್‌ಬಾಕ್ಸ್ ತಲುಪಿದ ಪತ್ರಗಳಲ್ಲಿ ಎಷ್ಟಕ್ಕೆ ದೂರು ಬಂತು ಎಂಬುದನ್ನು. ಎರಡನೆಯ ವಾರ ಅದು 18,000 ಪತ್ರಗಳನ್ನು ತಾನೇ ಸ್ಪ್ಯಾಮ್ ಫೋಲ್ಡರಿಗೆ ತಳ್ಳಿತ್ತು. ಅಲ್ಲಿ ಬಿದ್ದ ಪತ್ರವನ್ನು ಮತ್ತೆ ಸ್ಪ್ಯಾಮ್ ಎಂದು ದೂರುವವರು ಯಾರು? ಇನ್‌ಬಾಕ್ಸ್ ಸೇರಿದ್ದು 2,000, ದೂರು ಒಂದೇ ಒಂದು. ಅದೇ ಶೇ 0.05. ರೋಗ ವಾಸಿಯಾಗಿರಲಿಲ್ಲ, ಜ್ವರ ಅಳೆಯುವ ಜಾಗವೇ ಬದಲಾಗಿತ್ತು.

ಇದನ್ನು ಹಿಡಿಯಲು ಫಲಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಪತ್ರದೊಳಗಿನ ಕೊಂಡಿಯನ್ನು ಎಷ್ಟು ಜಿಮೇಲ್ ಗ್ರಾಹಕರು ಒತ್ತಿದರು ಎಂಬುದೇ ಆ ಲೆಕ್ಕ. ದೂರೂ ಇಳಿದು, ಒತ್ತುವವರೂ ಥಟ್ಟನೆ ಇಳಿದಿದ್ದರೆ ಪತ್ರಗಳು ಸ್ಪ್ಯಾಮ್ ಫೋಲ್ಡರಿನಲ್ಲಿವೆ ಎಂದೇ ಅನುಮಾನಿಸಬೇಕು. ದೂರು ಇಳಿದು ಒತ್ತುವವರು ಹಾಗೇ ಉಳಿದಿದ್ದರೆ ಸುಧಾರಣೆ ನಿಜ.

ಮುಂದಿನ ಪ್ರಶ್ನೆ, ದೂರು ಬಂದದ್ದು ಯಾವ ಪತ್ರಕ್ಕೆ? ಇದಕ್ಕಾಗಿ ಜಿಮೇಲ್, ಪತ್ರದ ತಲೆಬರಹದಲ್ಲಿ ಗುರುತು ಹಾಕಲು ಅವಕಾಶ ಕೊಟ್ಟಿದೆ:

```
Feedback-ID: habba:halepatti:riyayiti:pustaka
```

ಇಲ್ಲಿ ಕೊನೆಯದು ಕಳುಹಿಸುವವರ ಸ್ಥಿರ ಗುರುತು. ಮೊದಲ ಮೂರು ಅವರಿಗೆ ಬೇಕಾದ ವಿಂಗಡಣೆ: ಸಂದರ್ಭ, ಪಟ್ಟಿ, ಪತ್ರದ ಬಗೆ. ಯಾವುದಾದರೂ ಗುರುತಿಗೆ ಅಸಹಜವಾಗಿ ಹೆಚ್ಚು ದೂರು ಬಂದರೆ ಫಲಕ ಅದನ್ನು ಎತ್ತಿ ತೋರಿಸುತ್ತದೆ. ಪ್ರತಿ ಗ್ರಾಹಕರಿಗೂ ಬೇರೆ ಬೇರೆ ಗುರುತು ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಲೆಕ್ಕ ಸಿಗುವುದು ಗುಂಪಿಗೆ ಮಾತ್ರ. ನಮ್ಮ ಅಂಗಡಿಯವರು ಈ ಗುರುತು ಹಾಕಿದ್ದರೆ, ತಪ್ಪು ರಿಯಾಯಿತಿಯಲ್ಲಿಲ್ಲ, ‘ಹಳೆ ಪಟ್ಟಿ’ಯಲ್ಲಿದೆ ಎಂಬುದು ಗೊತ್ತಾಗುತ್ತಿತ್ತು. ವರ್ಷಗಟ್ಟಲೆ ಪತ್ರ ಕಾಣದವರಿಗೆ ಅಂಗಡಿಯ ಹೆಸರೇ ಮರೆತಿರುತ್ತದೆ.

ಹಾಗಾದರೆ ಅವರು ಆ ಪಟ್ಟಿಯನ್ನು ಕೈಬಿಡಬೇಕು. ಈಚೆಗೆ ಪತ್ರ ಓದಿದವರಿಗೆ, ಪುಸ್ತಕ ಕೊಂಡವರಿಗೆ ಮಾತ್ರ ಕಳುಹಿಸಬೇಕು. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಗುಂಡಿ ಕೊಡಬೇಕು. ದೊಡ್ಡ ಪ್ರಮಾಣದಲ್ಲಿ ಜಾಹೀರಾತು ಕಳುಹಿಸುವವರಿಗೆ ಅದೀಗ ಕಡ್ಡಾಯ. ಹೊರಬರುವ ದಾರಿ ಕಾಣದವರು ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾರೆ. ಆಮೇಲೆ ಕಾಯಬೇಕು. ಶೇ 0.3 ದಾಟಿದವರು ಗೂಗಲ್‌ನಿಂದ ಪರಿಹಾರ ಕೋರಬೇಕಾದರೆ, ಸತತ ಏಳು ದಿನ ಆ ಗೆರೆಗಿಂತ ಕೆಳಗಿರಬೇಕು.

ಪತ್ರ ಕಳುಹಿಸುವವರು ಪ್ರತಿ ವಾರ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಿಡಲಿ: ದೂರಿನ ಪ್ರಮಾಣ ಮತ್ತು ಕೊಂಡಿ ಒತ್ತಿದವರ ಸಂಖ್ಯೆ. ಎರಡೂ ಒಟ್ಟಿಗೆ ಕುಸಿದ ವಾರ ಪತ್ರ ಕಳುಹಿಸುವುದನ್ನು ನಿಲ್ಲಿಸಿ, ಪಟ್ಟಿ ತೆರೆದು ಕೂರಲಿ.