ಬಣ್ಣ ನೋಡಿ, ಫೋರ್ಕ್ ಹುಡುಕಿ

1966ರಲ್ಲಿ ಮಾಸ್ಕೋದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್ ನಡೆದಿತ್ತು. ಟೈಗ್ರಾನ್ ಪೆಟ್ರೋಸಿಯನ್ ಮತ್ತು ಬೋರಿಸ್ ಸ್ಪಾಸ್ಕಿ ನಡುವಿನ 10ನೇ ಆಟದ ಕೊನೆಯಲ್ಲಿ ಕಪ್ಪು ರಾಜ g8ರಲ್ಲಿ, ಕಪ್ಪು ರಾಣಿ g5ರಲ್ಲಿ, ಕಪ್ಪು ಆನೆ f7ರಲ್ಲಿ ನಿಂತಿದ್ದವು. ಪೆಟ್ರೋಸಿಯನ್ ಬಳಿ b2ರಲ್ಲಿ ರಾಣಿ, d6ರಲ್ಲಿ ಕುದುರೆ ಇದ್ದವು. ಈಗ ಬಿಳಿಯವರ ಸರದಿ. ಇಂದಿಗೂ ಅನೇಕ ಪುಸ್ತಕಗಳಲ್ಲಿ ಕಾಣುವ ಒಗಟು ಇದು.

ಒಗಟು ಬಿಡಿಸುವವರು ಸಾಮಾನ್ಯವಾಗಿ ಮೊದಲೇ ನಡೆ ಹುಡುಕಲು ಹೊರಡುತ್ತಾರೆ. ಅದಕ್ಕೂ ಮುಂಚೆ ಎದುರಾಳಿಯ ರಾಜ, ರಾಣಿ ಮತ್ತು ಕಾವಲಿಲ್ಲದ ಕಾಯಿಗಳು ಎಲ್ಲೆಲ್ಲಿವೆ ಎಂದು ನೋಡಿಕೊಳ್ಳಬೇಕು. ಅವುಗಳಲ್ಲಿ ಎರಡು ಒಂದೇ ನೇರ ಸಾಲಿನಲ್ಲೋ ಓರೆ ಸಾಲಿನಲ್ಲೋ ಇದ್ದರೆ ಪಿನ್ ಅಥವಾ ಸ್ಕ್ಯೂವರ್ ಸಾಧ್ಯ. ಬೆಲೆಬಾಳುವ ಕಾಯಿ ಹಿಂದೆ ಇದ್ದು ಮುಂದಿನದು ಅಲುಗಾಡದಂತಾದರೆ ಅದು ಪಿನ್. ಇದೇ ಆಟದಲ್ಲಿ ಸ್ವಲ್ಪ ಮುಂಚೆ e6ರಲ್ಲಿದ್ದ ಬಿಳಿ ಒಂಟೆ, f7ರ ಆನೆಯನ್ನು g8ರ ರಾಜನಿಗೆ ಹೀಗೆಯೇ ಕಟ್ಟಿಹಾಕಿತ್ತು. ಸ್ಕ್ಯೂವರ್ ಇದರ ತಿರುಗುಮುರುಗು. e5ರಲ್ಲಿ ಕಪ್ಪು ರಾಜ, e8ರಲ್ಲಿ ಕಪ್ಪು ರಾಣಿ ಇದ್ದು, ಬಿಳಿ ಆನೆ e1ಕ್ಕೆ ಬಂದು ಚೆಕ್ ಕೊಟ್ಟರೆ ರಾಜ ಸರಿಯಲೇಬೇಕು. ಹಿಂದಿದ್ದ ರಾಣಿ ಆನೆಯ ಪಾಲು.

ಫೋರ್ಕ್‌ಗೆ ಬಂದರೆ, ಕುದುರೆಗೊಂದು ಗಟ್ಟಿ ನಿಯಮವಿದೆ. ಅದು ಕಪ್ಪು ಮನೆಯಲ್ಲಿ ನಿಂತರೆ ಬಿಳಿ ಮನೆಗಳನ್ನಷ್ಟೇ ಹೊಡೆಯುತ್ತದೆ, ಬಿಳಿಯಲ್ಲಿ ನಿಂತರೆ ಕಪ್ಪನ್ನಷ್ಟೇ. ಹಾಗಾಗಿ ಎರಡು ಕಾಯಿಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿದ್ದರೆ ಒಂದೇ ಕುದುರೆ ಅವೆರಡನ್ನೂ ಒಟ್ಟಿಗೆ ಹಿಡಿಯಲಾರದು. ಸ್ಪಾಸ್ಕಿಯ ರಾಜನಿದ್ದ g8 ಬಿಳಿ ಮನೆ, ರಾಣಿಯಿದ್ದ g5 ಕಪ್ಪು ಮನೆ. ಅಂದರೆ ಸದ್ಯಕ್ಕೆ ಫೋರ್ಕ್ ಇಲ್ಲ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಕೇಳಬೇಕಾದದ್ದು ಇನ್ನೊಂದು ಪ್ರಶ್ನೆ: ರಾಜನನ್ನು ಕಪ್ಪು ಮನೆಗೆ ಎಳೆದು ತರಲು ಆಗುತ್ತದೆಯೇ?

ಅದಕ್ಕೆ ಎಲ್ಲ ಚೆಕ್‌ಗಳನ್ನೂ ಒಂದೊಂದಾಗಿ ನೋಡಬೇಕು, ಹುಚ್ಚುತನದಂತೆ ಕಾಣುವವುಗಳನ್ನೂ ಸೇರಿಸಿ. ಪೆಟ್ರೋಸಿಯನ್ ರಾಣಿಯನ್ನು b2ರಿಂದ ನೇರ h8ಕ್ಕೆ ಒಯ್ದು ಚೆಕ್ ಕೊಟ್ಟರು. ರಾಣಿಗೆ ಕಾವಲಿಲ್ಲ, ನಿಜ. ಆದರೆ f8 ಮತ್ತು g7 ಅವಳ ಹಿಡಿತದಲ್ಲಿವೆ, h7 ಮತ್ತು f7ರಲ್ಲಿ ಕಪ್ಪಿನದೇ ಕಾಯಿಗಳಿವೆ. ರಾಜನಿಗೆ ಉಳಿದದ್ದು ಅವಳನ್ನು ಹೊಡೆಯುವ ಒಂದೇ ನಡೆ.

h8 ಕಪ್ಪು ಮನೆ. ಈಗ ಕುದುರೆ f7ರ ಆನೆಯನ್ನು ಹೊಡೆದರೆ ಒಂದೇ ಏಟಿಗೆ ರಾಜನಿಗೆ ಚೆಕ್, ರಾಣಿಯ ಮೇಲೂ ದಾಳಿ. ಕೊನೆಯದಾಗಿ ನೋಡಬೇಕಾದದ್ದು, ಆ ಕುದುರೆಯನ್ನು ಯಾರಾದರೂ ಹೊಡೆಯಬಲ್ಲರೇ ಎಂದು. h8ರ ರಾಜನಿಗೆ ಅದು ಎಟುಕದು, g5ರ ರಾಣಿಗೆ f7ಕ್ಕೆ ದಾರಿಯಿಲ್ಲ. ಈ ಪರೀಕ್ಷೆ ಬಿಟ್ಟರೆ ಎಷ್ಟೋ ಚಂದದ ಫೋರ್ಕ್‌ಗಳು ತಿರುಗಿ ಬೀಳುತ್ತವೆ.

ಲೆಕ್ಕ ಹಾಕಿದರೆ ಬಿಳಿಯವರಿಗೆ ಕೊನೆಗೆ ಒಂದು ಕುದುರೆ, ಒಂದು ಪದಾತಿ ಹೆಚ್ಚು. h8ರಲ್ಲಿ ರಾಣಿಯನ್ನು ಕಂಡ ಸ್ಪಾಸ್ಕಿ ಅವಳನ್ನು ಹೊಡೆಯಲಿಲ್ಲ, ಅಲ್ಲಿಗೇ ಸೋಲೊಪ್ಪಿಕೊಂಡರು.